ಐದನೇ ತಿಂಗಳಲ್ಲಿ ಮಗು ಕಳೆದುಕೊಂಡ ಗೆಳತಿ: ಕೆದಕದೆ, ಬುದ್ಧಿ ಹೇಳದೆ ವಿಚಾರಿಸಿಕೊಳ್ಳುವುದು ಹೇಗೆ?

ಕಾಫಿಸೀಮೆ
ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು. ಕಾಲೇಜಿನಿಂದಲೂ ಜೊತೆಗಿರುವ ನನ್ನ ಗೆಳತಿ ಬೆಂಗಳೂರಿನಲ್ಲಿದ್ದಾಳೆ. ಅವಳಿಗೆ ಐದು ತಿಂಗಳು ತುಂಬಿತ್ತು, ಮೊದಲನೇ ಮಗು. ಸ್ಕ್ಯಾನಿಂಗ್‌ಗೆ ಹೋದಾಗ ಎದೆಬಡಿತ ಸಿಗುತ್ತಿಲ್ಲ ಅಂದರಂತೆ. ಅವತ್ತೇ ಅಡ್ಮಿಟ್ ಆಗಿ, ಎಲ್ಲ ಮುಗಿದು ಈಗ ಮನೆಗೆ ಬಂದಿದ್ದಾಳೆ. ಇದಿಷ್ಟು ನನಗೆ ಗೊತ್ತಾಗಿದ್ದು ಅವಳ ಗಂಡನ ಒಂದು ಸಣ್ಣ ಮೆಸೇಜಿನಿಂದ. ಅವಳು ಯಾರ ಫೋನೂ ಎತ್ತುತ್ತಿಲ್ಲ, ನಮ್ಮ ಕಾಲೇಜು ಗ್ರೂಪಿನಿಂದಲೂ ಹೊರಗೆ ಹೋಗಿದ್ದಾಳೆ. ಮನೆಗೆ ಫೋನ್ ಮಾಡಿದರೆ ಅತ್ತೆ ಎತ್ತಿ "ಮಲಗಿದ್ದಾಳೆ ಕಣಮ್ಮ" ಅನ್ನುತ್ತಾರೆ. ಆಮೇಲೆ ನನಗೆ ಏನು ಮಾತಾಡಬೇಕು ಅಂತಲೇ ತೋಚುವುದಿಲ್ಲ.

ನನಗೆ ಏನಾಯ್ತು, ಹೇಗಾಯ್ತು ಅಂತ ತಿಳಿದುಕೊಳ್ಳುವ ಆಸೆ ಇಲ್ಲ. ಬುದ್ಧಿ ಹೇಳುವ ಆಸೆಯೂ ಇಲ್ಲ. ಅವಳು ಒಬ್ಬಳೇ ಅಲ್ಲ ಅನ್ನುವುದು ಅವಳಿಗೆ ಮುಟ್ಟಬೇಕು, ಅಷ್ಟೇ. ಅದನ್ನು ಹೇಗೆ ಮುಟ್ಟಿಸೋದು? "ಏನಾದ್ರೂ ಬೇಕಿದ್ರೆ ಹೇಳು" ಅಂತ ಬರೆದು, ಕಳಿಸದೆ ಅಳಿಸಿದೆ. ಅದು ಯಾಕೋ ಖಾಲಿ ಮಾತು ಅನ್ನಿಸಿತು.

ರಾಯರು_ಮೈಸೂರು
ತಾಯಿ, ನನ್ನ ಅಭಿಪ್ರಾಯ ಕೇಳಿದರೆ ಸದ್ಯಕ್ಕೆ ಸುಮ್ಮನೆ ಬಿಟ್ಟುಬಿಡಿ. ನೋವಿನಲ್ಲಿರುವವರಿಗೆ ಎಲ್ಲರೂ ಒಂದೇ ಸಮನೆ ಫೋನ್ ಮಾಡಿದರೆ ಪ್ರತಿಯೊಬ್ಬರಿಗೂ ಅದೇ ಕತೆ ಮತ್ತೆ ಹೇಳಬೇಕಾಗುತ್ತದೆ. ನಮ್ಮ ಮನೆಯಲ್ಲೂ ಹೀಗೆ ಆಗಿತ್ತು, ಬಂದುಹೋಗುವವರಿಗೆ ಕಾಫಿ ಮಾಡಿಕೊಟ್ಟೇ ಸೊಸೆ ಸೋತುಹೋದಳು. ಗೆಳತಿ ಗ್ರೂಪಿನಿಂದ ಹೊರಗೆ ಹೋಗಿದ್ದಾಳೆ ಅಂದರೆ ಅವಳಿಗೆ ಯಾರೂ ಬೇಡವಾಗಿದೆ ಅಂತಲೇ ಅರ್ಥ. ಸುಧಾರಿಸಿಕೊಂಡ ಮೇಲೆ ಅವಳೇ ಮಾತಾಡಿಸುತ್ತಾಳೆ.

ನೈಟ್‌ಡ್ಯೂಟಿ
ರಾಯರೇ, ಕಾಫಿ ಮಾಡಿ ಸೋಲುವ ಮಾತು ನೂರಕ್ಕೆ ನೂರು ನಿಜ. ಆದರೆ "ಅವಳೇ ಮಾತಾಡಿಸುತ್ತಾಳೆ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹೆರಿಗೆ ವಾರ್ಡಿನಲ್ಲಿ ಬಹಳ ಕಾಲದಿಂದ ಕೆಲಸ ಮಾಡುತ್ತಿದ್ದೇನೆ. ಇಂಥ ತಾಯಂದಿರು ಆಮೇಲೆ ಚೆಕಪ್‌ಗೆ ಬಂದಾಗ ಹೆಚ್ಚಾಗಿ ಹೇಳುವುದು ಒಂದೇ: "ಸಿಸ್ಟರ್, ಯಾರೂ ಏನೂ ಆಗೇ ಇಲ್ಲ ಅನ್ನೋ ಥರ ಇದ್ದಾರೆ." ಜನ ಗೌರವದಿಂದಲೇ ಸುಮ್ಮನಿರುತ್ತಾರೆ, ಆದರೆ ಆ ಕಡೆಯಿಂದ ನೋಡಿದರೆ ಅದು ಮರೆತುಬಿಟ್ಟ ಹಾಗೆ ಕಾಣುತ್ತದೆ.

ಕಾಫಿಸೀಮೆ, ಮೊದಲು ಅವಳ ಮೈ ಈಗ ಯಾವ ಸ್ಥಿತಿಯಲ್ಲಿದೆ ಅನ್ನುವುದು ನಿಮಗೆ ಗೊತ್ತಿರಲಿ. ಅವಳಿಗೆ ಹೇಳುವುದಕ್ಕಲ್ಲ, ನಿಮ್ಮ ತಿಳಿವಿಗೆ. ಐದು ತಿಂಗಳಾದ ಮೇಲೆ ಹೀಗಾದರೆ ಸಾಮಾನ್ಯವಾಗಿ ಮಾತ್ರೆ ಕೊಟ್ಟು ನೋವು ಬರಿಸುತ್ತಾರೆ. ಅಂದರೆ ಹೆರಿಗೆ ನೋವನ್ನು ಅವಳು ತಿಂದೇ ಬಂದಿರುತ್ತಾಳೆ. ಹೊರಗಿನವರು "ಅಬಾರ್ಷನ್ ಆಯ್ತಂತೆ" ಅಂತ ಒಂದು ಮಾತಲ್ಲಿ ಮುಗಿಸಿಬಿಡುತ್ತಾರೆ, ಅವಳಿಗೆ ಅದು ಹೆರಿಗೆಯೇ. ಮೂರನೇ ನಾಲ್ಕನೇ ದಿನದ ಹೊತ್ತಿಗೆ ಎದೆಯಲ್ಲಿ ಹಾಲು ತುಂಬಿಕೊಳ್ಳುತ್ತದೆ. ಎದೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಬಟ್ಟೆ ಒದ್ದೆಯಾಗುತ್ತದೆ. ಎಷ್ಟೋ ಜನರಿಗೆ ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ, ಅವತ್ತು ಅವರು ಕುಸಿದುಹೋಗುತ್ತಾರೆ. ರಕ್ತಸ್ರಾವ ಒಂದೆರಡು ವಾರ ಇರುತ್ತದೆ, ಕೆಲವರಿಗೆ ಇನ್ನೂ ಜಾಸ್ತಿ ದಿನ. ಫೋನ್ ಎತ್ತದಿರುವುದಕ್ಕೆ ನೀವು ಬೇಡ ಅನ್ನುವುದೇ ಕಾರಣ ಆಗಬೇಕಿಲ್ಲ. ಬಾಣಂತಿಯ ಸುಸ್ತು ಪೂರ್ತಿ ಇದೆ, ಬಾಣಂತನ ಮಾತ್ರ ಇಲ್ಲ.

ಹಾಗಾಗಿ ಫೋನ್ ಬೇಡ, ಮೆಸೇಜ್ ಕಳಿಸಿ. ಉತ್ತರ ಬರೆಯುವ ಕೆಲಸ ಅವಳಿಗೆ ಬೀಳದ ಹಾಗೆ ಬರೆಯಿರಿ. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಲೇಬಾರದು. "ಹೇಗಿದ್ದೀಯಾ?" ಅಂದರೆ ಪಾಪ ಏನಂತ ಬರೀತಾಳೆ? ಚೆನ್ನಾಗಿದ್ದೀನಿ ಅಂದರೆ ಸುಳ್ಳು, ಚೆನ್ನಾಗಿಲ್ಲ ಅಂದರೆ ಮುಂದಿನ ಪ್ರಶ್ನೆ ಬರುತ್ತದೆ.

ತುಂಗಾತೀರ
ನನಗೆ 22 ವಾರಕ್ಕೆ ಆಗಿತ್ತು. ಇದನ್ನು ಓದಿ ಬರೆಯದೆ ಇರಲಾಗಲಿಲ್ಲ.

ಮನೆಗೆ ಬಂದ ಮೇಲೆ ನನ್ನನ್ನು ಜಾಸ್ತಿ ನೋಯಿಸಿದ್ದು "ಯಾಕಾಯ್ತು" ಅನ್ನುವ ಪ್ರಶ್ನೆ. ಒಬ್ಬರು ಪಪ್ಪಾಯಿ ತಿಂದ್ಯಾ ಅಂದರು. ಇನ್ನೊಬ್ಬರು ಸ್ಕೂಟರ್ ಓಡಿಸ್ತಿದ್ದೆ ಅಲ್ವಾ ಅಂದರು. ಗ್ರಹಣದ ದಿನ ಹೊರಗೆ ಬಂದಿದ್ಯಾ ಅಂತ ಕೇಳಿದವರೂ ಇದ್ದರು. ಅವರೆಲ್ಲ ಕೆಟ್ಟವರಲ್ಲ. ಆದರೆ ಒಂದೊಂದು ಪ್ರಶ್ನೆಯೂ "ನೀನು ಏನೋ ಮಾಡಿದ್ದೀಯಾ" ಅಂತಲೇ ಕೇಳಿಸುತ್ತಿತ್ತು, ಯಾಕೆಂದರೆ ರಾತ್ರಿಯೆಲ್ಲ ನಾನೂ ನನ್ನನ್ನು ಅದನ್ನೇ ಕೇಳಿಕೊಳ್ಳುತ್ತಿದ್ದೆ. ಎಲ್ಲ ಟೆಸ್ಟ್ ಮಾಡಿದ ಮೇಲೂ ಕಾರಣ ಸಿಗಲಿಲ್ಲ. ಹಾಗೆ ಕಾರಣವೇ ಸಿಗದೆ ಹೋಗುವುದು ಅಪರೂಪ ಅಲ್ಲ ಅಂತ ಡಾಕ್ಟರ್ ಆಮೇಲೆ ಹೇಳಿದರು.

"ಇನ್ನೂ ವಯಸ್ಸಿದೆ, ಇನ್ನೊಂದಾಗುತ್ತೆ ಬಿಡು" ಅನ್ನುವುದೂ ಬೇಡ. ನನಗೆ ಇನ್ನೊಂದು ಬೇಕಿರಲಿಲ್ಲ, ಅದೇ ಬೇಕಿತ್ತು.

ಚೆನ್ನಾಗಿ ನೆನಪಿರುವುದು ಒಬ್ಬ ಗೆಳತಿಯ ಮೆಸೇಜ್. ಇನ್ನೂ ಇಟ್ಟುಕೊಂಡಿದ್ದೇನೆ. "ಪಾಪುವಿನ ವಿಷಯ ಗೊತ್ತಾಯ್ತು ಕಣೆ. ತುಂಬಾ ಸಂಕಟ ಆಯ್ತು. ಉತ್ತರ ಬರೀಬೇಡ. ಮುಂದಿನ ವಾರ ಮತ್ತೆ ಬರೀತೀನಿ." ಇಷ್ಟೇ. ಮುಂದಿನ ವಾರ ನಿಜವಾಗಿಯೂ ಬರೆದಳು. ನಾನು ಬಹಳ ದಿನ ಉತ್ತರ ಕೊಡಲಿಲ್ಲ, ಅವಳು ಅದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಅವಳು "ಪಾಪು" ಅಂದಿದ್ದು ನನಗೆ ಎಷ್ಟು ದೊಡ್ಡದಾಗಿತ್ತು ಅಂತ ಹೇಳೋಕಾಗಲ್ಲ. ಮಿಕ್ಕವರೆಲ್ಲ "ಹಾಗಾಯ್ತಂತೆ", "ಆ ವಿಷಯ" ಅನ್ನುತ್ತಿದ್ದರು.

ಗೋಕಾಕದಾಂವ
ಅಕ್ಕಾರ, ಧೈರ್ಯ ಬಿಡಬ್ಯಾಡ್ರಿ. ನಿಮ್ಮ ಕಷ್ಟ ಓದಿ ಕಣ್ಣಾಗ ನೀರು ಬಂತು. ನಮ್ಮ ತಂಗಿಗೂ ಹಿಂಗ ಆಗಿತ್ತು. ಮುಂದಿನ ಸಲ ಮೊದಲೇ ಥೈರಾಯ್ಡ್, ಶುಗರ್ ಎಲ್ಲಾ ಚೆಕ್ ಮಾಡಿಸ್ರಿ, ಗರ್ಭಚೀಲದ ಬಾಯಿಗೆ ಹೊಲಿಗಿ ಹಾಕತಾರ, ಅದನ್ನೂ ಡಾಕ್ಟರ್‌ಗೆ ಕೇಳ್ರಿ. ನಮ್ಮ ತಂಗಿಗೆ ಹೊಲಿಗಿ ಹಾಕಿದ ಮ್ಯಾಲ ಎರಡನೇದು ಆರಾಮ ಆಯ್ತು. ಬೇಕಂದ್ರ ಡಾಕ್ಟರ್ ನಂಬರ್ ಕೊಡತೀನಿ.

ಕಾಫಿಸೀಮೆ
ಅಣ್ಣಾ, ಆಗಿದ್ದು ನನಗಲ್ಲ, ನನ್ನ ಗೆಳತಿಗೆ. ನಿಮ್ಮ ತಂಗಿ, ಮಗು ಚೆನ್ನಾಗಿರೋದು ಕೇಳಿ ಸಂತೋಷ ಆಯ್ತು.

ನೈಟ್‌ಡ್ಯೂಟಿ
ಗೋಕಾಕದ ಅಣ್ಣನವರೇ, ಹೊಲಿಗೆ ಹಾಕುವುದು ಗರ್ಭಕೋಶದ ಬಾಯಿ ಸಡಿಲ ಇದ್ದು ಬೇಗ ತೆರೆದುಕೊಳ್ಳುವವರಿಗೆ. ಇಲ್ಲಿ ಎದೆಬಡಿತ ನಿಂತಿದ್ದು, ಅದು ಬೇರೆ. ಗೆಳತಿಯ ಮುಂದೆ ಇಂಥ ಮಾತು ಎತ್ತಲೇಬಾರದು ಅನ್ನುವುದೂ ಇದಕ್ಕೇ. ನಮಗೆ ಗೊತ್ತಿರುವುದು ಯಾರದೋ ಒಬ್ಬರ ಕತೆ. ಅದನ್ನು ಕೇಳಿದವಳು "ಹಾಗಾದ್ರೆ ಹೊಲಿಗೆ ಹಾಕಿಸಿದ್ದರೆ ನನ್ನ ಮಗು ಉಳೀತಿತ್ತಾ" ಅಂತ ಹೊಸದಾಗಿ ಕೊರಗೋಕೆ ಶುರು ಮಾಡುತ್ತಾಳೆ.

ಗೋಕಾಕದಾಂವ
ಹೌದ್ರಿ ಸಿಸ್ಟರ್. ಅದು ತಿಳಿದಿರಲಿಲ್ಲ.

ಕಾಫಿಸೀಮೆ
ತುಂಗಾತೀರ ಅಕ್ಕ, ಇಷ್ಟು ಹೇಳಿಕೊಂಡಿದ್ದಕ್ಕೆ ಹೇಗೆ ಥ್ಯಾಂಕ್ಸ್ ಹೇಳಲಿ. ನಿಮ್ಮ ಗೆಳತಿಯ ಮಾತಿನ ದಾರಿಯಲ್ಲೇ ನನ್ನ ಮಾತಿನಲ್ಲಿ ಬರೆದು ಕಳಿಸಿದೆ. ಎರಡು ಟಿಕ್ ನೀಲಿ ಆಯ್ತು, ಓದಿದ್ದಾಳೆ. ಉತ್ತರ ಇಲ್ಲ.

ಈಗ ಮುಂದಿನ ಪ್ರಶ್ನೆ. ಶನಿವಾರ ಕೆಲಸದ ಮೇಲೆ ಬೆಂಗಳೂರಿಗೆ ಹೋಗುತ್ತಿದ್ದೇನೆ. ಅವಳ ಮನೆಗೆ ಹೋಗಬೇಕಾ ಬೇಡವಾ? ಏನಾದರೂ ಮಾಡಿಕೊಂಡು ಹೋಗೋಣ ಅಂತ ಮನಸ್ಸಿದೆ. ಹೇಳದೆ ಹೋಗಿ ಬಾಗಿಲು ತಟ್ಟಿದರೆ ಅವಳು ಬೇಡ ಅನ್ನಲಾರಳು, ಅದು ನನಗೆ ಇಷ್ಟ ಇಲ್ಲ. ಬರಲಾ ಅಂತ ಕೇಳಿದರೆ ಉತ್ತರ ಬರುವುದಿಲ್ಲ.

ನೈಟ್‌ಡ್ಯೂಟಿ
ಬರಲಾ ಅಂತ ಕೇಳಬೇಡಿ, ಹೇಳದೆಯೂ ಹೋಗಬೇಡಿ. ಎರಡರ ಮಧ್ಯೆ ಒಂದು ದಾರಿ ಇದೆ. ಏನು, ಯಾವತ್ತು, ಎಷ್ಟು ಹೊತ್ತಿಗೆ, ಎಲ್ಲಿಡುತ್ತೀರಿ ಅನ್ನುವುದನ್ನೆಲ್ಲ ನೀವೇ ಗೊತ್ತುಮಾಡಿ ತಿಳಿಸಿ. ಬೇಡ ಅನ್ನೋಕೆ ಅವಳಿಗೆ ಒಂದೇ ಪದ ಸಾಕಾಗಬೇಕು. ಹೀಗೆ:

"ಶನಿವಾರ ಬೆಂಗಳೂರಿಗೆ ಬರ್ತಿದ್ದೀನಿ. 12 ಗಂಟೆ ಹೊತ್ತಿಗೆ ಬೇಳೆಸಾರು, ಬೀನ್ಸ್ ಪಲ್ಯ ನಿಮ್ಮ ವಾಚ್‌ಮನ್ ಹತ್ರ ಕೊಟ್ಟು ಹೊರಡ್ತೀನಿ. ಮೇಲೆ ಬರಲ್ಲ. ಡಬ್ಬಿ ವಾಪಸ್ ಕೊಡೋದು ಬೇಡ. ಬೇಡ ಅನ್ಸಿದ್ರೆ 'ಬೇಡ' ಅಂತ ಹಾಕು, ನಂಗೆ ಒಂಚೂರೂ ಬೇಜಾರಿಲ್ಲ."

ಡಬ್ಬಿ ವಿಷಯ ಚಿಕ್ಕದು ಅನ್ನಿಸಬಹುದು. ನಮ್ಮಲ್ಲಿ ಯಾರದಾದರೂ ಸ್ಟೀಲ್ ಡಬ್ಬಿ ಮನೆಗೆ ಬಂದರೆ ಅದನ್ನು ತೊಳೆದು, ಖಾಲಿ ಕೊಡಬಾರದು ಅಂತ ಏನಾದರೂ ಹಾಕಿ ವಾಪಸ್ ಕೊಡಬೇಕು. ಅದೂ ಒಂದು ಸಾಲವೇ. ಬಿಸಾಕುವ ಡಬ್ಬಿಯಲ್ಲಿ ಕೊಡಿ. ಅತ್ತೆ, ಗಂಡ ಸೇರಿ ಎಲ್ಲರಿಗೂ ಒಂದು ಊಟಕ್ಕಾಗುವಷ್ಟು ಇರಲಿ, ಅಡುಗೆಯ ಕೆಲಸ ಒಂದು ಹೊತ್ತಿಗಾದರೂ ತಪ್ಪಲಿ.

ಅಕಸ್ಮಾತ್ ಅವಳೇ ಮೇಲೆ ಕರೆದರೆ, ಹೋದ ಕೂಡಲೇ "ಅರ್ಧ ಗಂಟೆ ಕೂತು ಹೊರಡ್ತೀನಿ" ಅಂದುಬಿಡಿ. ನೀವು ಯಾವಾಗ ಎದ್ದು ಹೋಗುತ್ತೀರಿ ಅಂತ ಗೊತ್ತಿದ್ದರೆ ಅವಳಿಗೆ ಹಗುರ. ಓಡಿಹೋಗಿ ಗಟ್ಟಿಯಾಗಿ ತಬ್ಬಿಕೊಳ್ಳಬೇಡಿ, ಮೊದಲೇ ಹೇಳಿದ ಹಾಗೆ ಎದೆ ನೋಯುತ್ತಿರುತ್ತದೆ. ಕೈ ಹಿಡಿದುಕೊಳ್ಳಿ ಸಾಕು.

ಅಂಚೆಮನೆ
ಮಾತಾಡೋಕೆ ಶುರು ಮಾಡಿದರೆ ಏನು ಮಾಡೋದು ಅನ್ನುವುದನ್ನೂ ಯಾರಾದರೂ ಹೇಳಿ. ನನಗೆ ಯಾವಾಗಲೂ ಅಲ್ಲೇ ಭಯ. ಎದುರಿಗಿರುವವರು ಅಳುತ್ತಿದ್ದರೆ ಬಾಯಿಗೆ ಬಂದ ಸಮಾಧಾನದ ಮಾತೆಲ್ಲ ಹೊರಗೆ ಬಂದುಬಿಡುತ್ತದೆ.

ತುಂಗಾತೀರ
ಅಳುವಾಗ "ಅಳಬೇಡ" ಅನ್ನಬೇಡಿ. ನೀರು ತಂದುಕೊಟ್ಟು ಪಕ್ಕದಲ್ಲಿ ಕೂತಿರಿ. ಅವಳು ಮಾತು ನಿಲ್ಲಿಸಿದ ಜಾಗದಲ್ಲಿ ನೀವು ಮುಂದಕ್ಕೆ ಎಳೆಯಬೇಡಿ. ನನ್ನ ಗೆಳತಿಯ ಹತ್ತಿರ ನಾನು "ನರ್ಸ್ ಬಂದು ನೋಡ್ತೀರಾ ಅಂತ ಕೇಳಿದ್ರು" ಅಂದೆ. ಅಲ್ಲಿಗೇ ಗಂಟಲು ಕಟ್ಟಿತು. "ನೋಡಿದ್ಯಾ?" ಅಂತ ಅವಳು ಕೇಳಲಿಲ್ಲ. "ಹೇಳ್ಬೇಕು ಅನ್ಸಿದ್ರೆ ಹೇಳು, ಇಲ್ಲಾಂದ್ರೂ ಪರವಾಗಿಲ್ಲ" ಅಂದಳು. ಅವತ್ತು ನಾನು ಹೇಳಲಿಲ್ಲ. ಎಷ್ಟೋ ತಿಂಗಳಾದ ಮೇಲೆ, ತರಕಾರಿ ಹೆಚ್ಚುತ್ತಾ ಕೂತಿದ್ದಾಗ ನಾನಾಗಿಯೇ ಎಲ್ಲ ಹೇಳಿದೆ. ಅವಳು ಅವತ್ತು ಕೇಳಿದ್ದಿದ್ದರೆ ಉತ್ತರ ಕೊಡುತ್ತಿದ್ದೆನೋ ಏನೋ, ಆದರೆ ಆಮೇಲೆ ಅವಳ ಮುಖ ನೋಡೋಕೆ ನನಗೆ ಕಷ್ಟ ಆಗುತ್ತಿತ್ತು.

ಕರಾವಳಿ_ಮಳೆ
ನಾನು ಗಂಡನ ಕಡೆಯಿಂದ ಒಂದು ಮಾತು ಹೇಳುತ್ತೇನೆ. ನಮಗೂ ಹೀಗಾಗಿತ್ತು. ಆಗ ನನಗೆ ಬಂದ ಫೋನುಗಳಲ್ಲೆಲ್ಲ ಒಂದೇ ಪ್ರಶ್ನೆ: "ಅವಳು ಹೇಗಿದ್ದಾಳೆ? ಚೆನ್ನಾಗಿ ನೋಡ್ಕೊ." ನಾನು ಹೇಗಿದ್ದೀನಿ ಅಂತ ಯಾರೂ ಅನ್ನಲಿಲ್ಲ. ಆಸ್ಪತ್ರೆಯಲ್ಲಿ ಕಾಗದಕ್ಕೆ ಸಹಿ ಹಾಕಿದವನು ನಾನು, ಬಿಲ್ ಕಟ್ಟಿದವನು ನಾನು, ಬಿಳಿ ಬಟ್ಟೆಯಲ್ಲಿ ಸುತ್ತಿದ ಅಷ್ಟು ಚಿಕ್ಕ ಮಗುವನ್ನು ಕೈಯಲ್ಲಿ ತೆಗೆದುಕೊಂಡು ಮಣ್ಣು ಮಾಡೋಕೆ ಹೋದವನೂ ನಾನೇ. ಮಾರನೇ ವಾರ ಆಫೀಸಿಗೆ ಹೋದೆ, ನನಗೆ ರಜೆ ಇರಲಿಲ್ಲ.

ಈಗ ನಿಮಗೂ ಸುದ್ದಿ ಬರುತ್ತಿರುವುದು ಅವಳ ಗಂಡನಿಂದ ಅಲ್ವಾ? ಅವನನ್ನು ಅವಳ ಸುದ್ದಿ ಕೇಳುವ ಕಿಟಕಿ ಮಾಡಿಕೊಳ್ಳಬೇಡಿ. ಅವನಿಗೇ ಅಂತ ಒಂದು ಮೆಸೇಜ್ ಕಳಿಸಿ. ಅವನ ಗೆಳೆಯರು ಯಾರಾದರೂ ನಿಮಗೆ ಗೊತ್ತಿದ್ದರೆ, ಸಂಜೆ ಅವನನ್ನು ಹೊರಗೆ ಟೀ ಕುಡಿಯೋಕೆ ಕರೆದುಕೊಂಡು ಹೋಗೋಕೆ ಹೇಳಿ. ನನ್ನ ಜೊತೆ ಹಾಗೆ ಒಬ್ಬ ಬರುತ್ತಿದ್ದ. ಬೈಕಿನಲ್ಲಿ ಬೀಚಿನ ಕಡೆ ಒಂದು ಸುತ್ತು, ಮಾತೇ ಇಲ್ಲ. ಬೈಕ್ ಮೇಲೆ ಮುಖ ಕಾಣಿಸುವುದಿಲ್ಲ ನೋಡಿ, ಅದು ನನಗೆ ಬಹಳ ಅನುಕೂಲ ಆಯ್ತು.

ಕಾಫಿಸೀಮೆ
ಇದು ನನಗೆ ಹೊಳೆದೇ ಇರಲಿಲ್ಲ. ಈಗಲೇ ಅವರಿಗೆ ಬರೆಯುತ್ತೇನೆ.

ಕೀಬೋರ್ಡ್_ಹುಡುಗ
ಒಂದು ಬೇರೆ ಥರದ ಸಹಾಯ ಇದೆ. ನಮ್ಮ ಅಕ್ಕನಿಗೆ ಹೀಗಾದಾಗ ಫೋನಿನಲ್ಲಿದ್ದ ಬಸಿರಿಯರ ಆ್ಯಪ್ "ಈ ವಾರ ನಿಮ್ಮ ಮಗು ಇಷ್ಟುದ್ದ ಬೆಳೆದಿದೆ" ಅಂತ ವಾರ ವಾರ ತೋರಿಸುತ್ತಲೇ ಇತ್ತು. ಯೂಟ್ಯೂಬ್ ತೆಗೆದರೆ ಡೈಪರ್ ಜಾಹೀರಾತು. ಅವಳು ಫೋನ್ ಮುಟ್ಟುವುದನ್ನೇ ಬಿಟ್ಟಿದ್ದಳು. ಯಾರನ್ನೋ ದೂರ ಇಡೋಕಲ್ಲ, ಫೋನಿಗೇ ಹೆದರಿ.

ಆ್ಯಪ್ ಡಿಲೀಟ್ ಮಾಡಿದರೂ ಮೇಲ್ ಬರುತ್ತಿರುತ್ತವೆ. ಅದಕ್ಕೇ ಡಿಲೀಟ್ ಮಾಡುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ನೋಡಬೇಕು, ಮಗು ಉಳಿಯಲಿಲ್ಲ ಅಂತ ತಿಳಿಸೋಕೆ ತುಂಬಾ ಆ್ಯಪ್‌ಗಳಲ್ಲಿ ಜಾಗ ಇದೆ. ಅಲ್ಲಿ ಹಾಕಿದರೆ ವಾರದ ಸಂದೇಶಗಳು ನಿಲ್ಲುತ್ತವೆ. ಗೂಗಲ್, ಯೂಟ್ಯೂಬ್ ಜಾಹೀರಾತಿಗೆ My Ad Center ತೆಗೆದು, Customize Ads ಒಳಗೆ Sensitive ಅಂತ ಇರುತ್ತದೆ, ಅಲ್ಲಿ Pregnancy and parenting ಅನ್ನುವುದನ್ನು ಆಫ್ ಮಾಡಬೇಕು. ಪೂರ್ತಿ ನಿಲ್ಲುವುದಿಲ್ಲ, ಕಡಿಮೆ ಆಗುತ್ತದೆ. ಅಂಗಡಿ ಆ್ಯಪ್‌ಗಳಲ್ಲಿ ಮಗುವಿನ ಸಾಮಾನು ಕಾರ್ಟಿನಲ್ಲಿ ಕೂತಿದ್ದರೆ ಅದು ಬೇರೆ ನೆನಪಿಸುತ್ತಿರುತ್ತದೆ, ಅದನ್ನೂ ತೆಗೆಯಬೇಕು.

ಇದನ್ನೆಲ್ಲ ಅವಳಿಗೆ ಪಾಠದ ಥರ ಹೇಳಬೇಡಿ. ಗಂಡನಿಗೆ ಕಳಿಸಿ. ಅವಳು ಒಪ್ಪಿದರೆ ಅವರು ಕೂತು ಮಾಡುತ್ತಾರೆ. ಕೇಳದೆ ಮಾತ್ರ ಏನನ್ನೂ ಅಳಿಸಬಾರದು. ಸ್ಕ್ಯಾನ್ ಫೋಟೋ ಒಂದನ್ನು ನಮ್ಮ ಮನೆಯಲ್ಲಿ ಯಾರೋ "ನೋಡಿದರೆ ಅಳುತ್ತಾಳೆ" ಅಂತ ಅಳಿಸಿಬಿಟ್ಟರು. ಅಕ್ಕ ಇವತ್ತಿಗೂ ಅದನ್ನು ಕೇಳುತ್ತಾಳೆ.

ಅಂಚೆಮನೆ
ಅವಳು ಕೆಲಸಕ್ಕೆ ಹೋಗುವವಳಾ? ಹಾಗಿದ್ದರೆ ಅವಸರದಲ್ಲಿ ಆಫೀಸಿಗೆ ಹೋಗಬೇಕಿಲ್ಲ ಅಂತ ಹೇಳಿ, ಹೆರಿಗೆ ರಜೆ 26 ವಾರ ಸಂಬಳ ಸಮೇತ ಸಿಗುತ್ತದೆ.

ಸಂಬಳದ_ದಿನ
26 ವಾರ ಮಗು ಹುಟ್ಟಿದ ಹೆರಿಗೆಗೆ. ಗರ್ಭ ಉಳಿಯದೆ ಹೋದಾಗ ಸಂಬಳ ಸಹಿತ 6 ವಾರ. 1961ರ ಕಾಯ್ದೆಯಿಂದಲೂ ಇರುವ ನಿಯಮ ಇದು. 26 ವಾರದೊಳಗೆ ಆದರೆ ಇದೇ ಲೆಕ್ಕಕ್ಕೆ ಬರುತ್ತದೆ, ಆಸ್ಪತ್ರೆಯ ಕಾಗದ ಕೊಡಬೇಕು. ಎಷ್ಟೋ ಕಡೆ ತಿಳಿಯದೆ ಸಿಕ್ ಲೀವ್, ಇಎಲ್ ಹಾಕಿಸಿಬಿಡುತ್ತಾರೆ, ಹೆಂಗಸರೂ ಕೇಳುವುದಿಲ್ಲ. ನಾನು ಸಂಬಳದ ವಿಭಾಗದಲ್ಲೇ ಕೆಲಸ ಮಾಡುವುದು, ಕಣ್ಣಾರೆ ನೋಡಿದ್ದೇನೆ.

ಆದರೆ ಆಫೀಸಿನ ಕಷ್ಟ ರಜೆಯಲ್ಲಿ ಮುಗಿಯುವುದಿಲ್ಲ. ವಾಪಸ್ ಹೋದ ದಿನ ಗೊತ್ತಿಲ್ಲದ ಯಾರೋ ಒಬ್ಬರು ಲಿಫ್ಟಿನಲ್ಲಿ "ಓ, ಎಷ್ಟನೇ ತಿಂಗಳು ಈಗ?" ಅನ್ನುತ್ತಾರೆ. ಅಲ್ಲಿ ಅವಳಿಗೆ ಹತ್ತಿರದ ಸಹೋದ್ಯೋಗಿ ಒಬ್ಬರಿದ್ದರೆ ಅವಳು ಹೋಗುವ ಮೊದಲೇ ಮಿಕ್ಕವರಿಗೆ ತಿಳಿಸಬಹುದು. ಏನಂತ ತಿಳಿಸಬೇಕು, ಯಾರಿಗೆ ತಿಳಿಸಬೇಕು ಅನ್ನುವುದನ್ನು ಅವಳೇ ಹೇಳಬೇಕು. ಎರಡು ಸಾಲು ಸಾಕು: ಮಗು ಉಳಿಯಲಿಲ್ಲ, ದಯವಿಟ್ಟು ಆ ಬಗ್ಗೆ ಕೇಳಬೇಡಿ, ಕೆಲಸದ ಮಾತು ಎಂದಿನಂತೆ ಆಡಿ.

ಕಾಫಿಸೀಮೆ
ಸುದ್ದಿ: ಶನಿವಾರ ವಾಚ್‌ಮನ್ ಹತ್ತಿರ ಕೊಟ್ಟು ಬಂದೆ. "ಬೇಡ" ಅಂತ ಬಂದಿರಲಿಲ್ಲ. ಸಂಜೆ ಅವಳಿಂದ ಒಂದು ಮೆಸೇಜ್: "ಸಾರು ತಿಂದೆ." ಇಷ್ಟೇ. ನಾನು ಒಂದು ಹಾರ್ಟ್ ಹಾಕಿ ಸುಮ್ಮನಾದೆ. ಬೇರೆ ಏನೂ ಬರೆಯಲಿಲ್ಲ, ಬರೆಯಬೇಕು ಅಂತ ಕೈ ತುಡಿಯುತ್ತಿತ್ತು.

ಅವಳ ಗಂಡ ಮಾತ್ರ ರಾತ್ರಿ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದರು. ಆ್ಯಪ್ ವಿಷಯ ಕಳಿಸಿದ್ದೆ, ಇಬ್ಬರೂ ಕೂತು ತೆಗೆದರಂತೆ. ಇನ್ನೊಂದು ಹೇಳಿದರು, ಅದು ನನ್ನ ನಿದ್ದೆ ಕೆಡಿಸಿದೆ. ಅವಳು ರಾತ್ರಿ ಮಲಗುವುದೇ ಇಲ್ಲವಂತೆ, ಒಂದು ಸಲ "ನಾನೂ ಅದರ ಜೊತೆ ಹೋಗಬೇಕಿತ್ತು" ಅಂದಳಂತೆ. ಇದು ದುಃಖದಲ್ಲಿ ಎಲ್ಲರೂ ಅನ್ನುವ ಮಾತಾ? ನಾನು ಇದನ್ನು ಕೆದಕಬಾರದಾ?

ನೈಟ್‌ಡ್ಯೂಟಿ
ಇದೊಂದು ಕಡೆ ಕೇಳಲೇಬೇಕು. ಕೆದಕಬಾರದು ಅನ್ನುವ ನಿಯಮ ಇಲ್ಲಿಗೆ ನಿಲ್ಲುತ್ತದೆ.

ಈ ಮಾತನ್ನು ಸಂಕಟಕ್ಕೆ ಅಂದಿರಲೂಬಹುದು, ಎಷ್ಟೋ ತಾಯಂದಿರು ಅನ್ನುತ್ತಾರೆ. ಆದರೆ ಸಂಕಟಕ್ಕೆ ಅಂದಿದ್ದೋ, ನಿಜವಾಗಿ ಆ ಯೋಚನೆ ಇದೆಯೋ ಅನ್ನುವುದು ಹೊರಗಿನಿಂದ ಊಹೆ ಮಾಡಿದರೆ ತಿಳಿಯುವುದಿಲ್ಲ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಅಂತ ಜನ ಹೆದರುತ್ತಾರೆ, ಹಾಗೆ ಆಗುವುದಿಲ್ಲ. ಗಂಡನೋ, ಅವಳಿಗೆ ಹತ್ತಿರದವರು ಯಾರಾದರೂ, ಒಬ್ಬಳೇ ಇರುವಾಗ ನೇರವಾಗಿ ಕೇಳಲಿ: "ಸಾಯಬೇಕು ಅಂತ ಅನ್ನಿಸ್ತಿದ್ಯಾ?" ಸುತ್ತಿ ಬಳಸಿ "ಏನೂ ಹುಚ್ಚು ಯೋಚನೆ ಇಲ್ಲ ತಾನೆ" ಅಂತ ಕೇಳಿದರೆ ಇಲ್ಲ ಅನ್ನುವ ಉತ್ತರವನ್ನು ನಾವೇ ಬಾಯಿಗೆ ತುರುಕಿದ ಹಾಗೆ. ಹೌದು ಅಂದರೆ ಬೈಯಬೇಡಿ, ದೇವರ ಆಣೆ ಹಾಕಿಸಬೇಡಿ. ಒಬ್ಬಳನ್ನೇ ಬಿಡದೆ ಜೊತೆಗಿದ್ದು ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು. ಟೆಲಿ ಮಾನಸ್ 14416 ಇದೆ, ದಿನದ 24 ಗಂಟೆಯೂ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಮನೆಯವರೂ ಫೋನ್ ಮಾಡಿ ಹೇಗೆ ನೋಡಿಕೊಳ್ಳಬೇಕು ಅಂತ ಕೇಳಬಹುದು. ಕೈಮೀರುವ ಹಾಗಿದ್ದರೆ 112.

ನಿದ್ದೆ ಇಲ್ಲದಿರುವುದನ್ನೂ ಹೆರಿಗೆ ಡಾಕ್ಟರಿಗೆ ತಿಳಿಸಲಿ. ಮಗು ಇರಲಿ ಇಲ್ಲದಿರಲಿ, ಹೆರಿಗೆಯ ನಂತರ ಬರುವ ಖಿನ್ನತೆ ಬರಬಹುದು, ಅದಕ್ಕೆ ಚಿಕಿತ್ಸೆ ಇದೆ. ಹಾಗೇ ಇನ್ನೊಂದು. ಜ್ವರ 100.4 ದಾಟಿದರೆ, ವಾಸನೆಯ ಸ್ರಾವ ಇದ್ದರೆ, ಅಥವಾ ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋಗುತ್ತಿದ್ದರೆ ಕಾಯದೆ ಆಸ್ಪತ್ರೆಗೆ. ಇದನ್ನು ಗಂಡನಿಗೆ ಒಂದೇ ಸಲ ಹೇಳಿ. ದಿನಾ ಕೇಳಿ ಲೆಕ್ಕ ತೆಗೆದುಕೊಳ್ಳಬೇಡಿ.

ಕಾಫಿಸೀಮೆ
ರಾತ್ರಿಯೇ ಅವರಿಗೆ ಹೇಳಿದೆ. ಅವರು ಕೇಳಿದ್ದಾರೆ. ಸಾಯುವ ಯೋಚನೆ ಇಲ್ಲ ಅಂದಳಂತೆ, ಆದರೆ ಕೇಳಿದ ಮೇಲೆ ತುಂಬಾ ಅತ್ತಳಂತೆ, "ಯಾರೂ ಹೀಗೆ ಕೇಳಿರಲಿಲ್ಲ" ಅಂದಳಂತೆ. ಆದರೂ ಡಾಕ್ಟರ್ ಹತ್ತಿರ ಹೋಗಿ ಬಂದಿದ್ದಾರೆ, ಕೌನ್ಸೆಲಿಂಗ್‌ಗೆ ದಿನ ಕೊಟ್ಟಿದ್ದಾರೆ. ಅಲ್ಲಿ ಏನು ಮಾತಾಯ್ತು ಅಂತ ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಇನ್ನೊಂದು ತೊಡಕಿದೆ. ನಮ್ಮದೇ ಗುಂಪಿನ ಇನ್ನೊಬ್ಬಳಿಗೂ ಈಗ ಐದು ತಿಂಗಳು. ಆಷಾಢ ಕಳೆದ ಮೇಲೆ ಶ್ರಾವಣದಲ್ಲಿ ಸೀಮಂತ ಇಟ್ಟುಕೊಂಡಿದ್ದಾಳೆ. ಇವಳನ್ನು ಕರೆಯಬೇಕಾ ಬೇಡವಾ ಅಂತ ನನ್ನನ್ನು ಕೇಳುತ್ತಿದ್ದಾಳೆ. ಅವಳಿಗೂ ಸಂಕಟ.

ರಾಯರು_ಮೈಸೂರು
ಕರೆಯದಿರುವುದೇ ಒಳ್ಳೆಯದು. ಹೂವು, ಬಳೆ, ಮಡಿಲು ತುಂಬುವುದು, ಅದನ್ನೆಲ್ಲ ಆ ಹುಡುಗಿ ನೋಡಬೇಕಾ ಈಗ?

ತುಂಗಾತೀರ
ರಾಯರೇ, ನನ್ನನ್ನು ಹೀಗೆ ಒಂದು ಸೀಮಂತಕ್ಕೆ ಕರೆಯಲಿಲ್ಲ. ಆಮೇಲೆ ಫೋಟೋ ನೋಡಿ ತಿಳಿಯಿತು. ನನ್ನ ದುಃಖ ನೋಡಿ ಬಿಟ್ಟರೋ, ನನ್ನ ದೃಷ್ಟಿ ಬೀಳುತ್ತದೆ ಅಂತ ಬಿಟ್ಟರೋ ಅಂತ ತಿಳಿಯದೆ ಒದ್ದಾಡಿದೆ. ಕರೆದಿದ್ದರೂ ಹೋಗುತ್ತಿರಲಿಲ್ಲ. ಆದರೆ ಹೋಗದಿರುವುದು ನನ್ನ ಕೈಯಲ್ಲಿರಬೇಕಿತ್ತು.

ಕರೆಯುವುದಾದರೆ ಆ ಬಸುರಿ ಗೆಳತಿಯೇ ಬರೆಯಲಿ. ಗ್ರೂಪಿನಲ್ಲಿ ಹಾಕುವ ಮೊದಲು, ಮೆಸೇಜಿನಲ್ಲಿ. ಫೋನಿನಲ್ಲಿ ಬೇಡ, ಫೋನಿನಲ್ಲಾದರೆ ಆ ಕ್ಷಣಕ್ಕೆ ಖುಷಿಯ ದನಿ ತೆಗೆಯಬೇಕಾಗುತ್ತದೆ. "ಬೇರೆಯವರಿಂದ ಗೊತ್ತಾಗೋದು ಬೇಡ ಅಂತ ನಾನೇ ಹೇಳ್ತಿದ್ದೀನಿ, ಬರದಿದ್ರೆ ಖಂಡಿತ ಬೇಜಾರಿಲ್ಲ" ಅಂತ ಇರಲಿ.

ಕರಾವಳಿ_ಮಳೆ
ನನ್ನ ಹೆಂಡತಿಯನ್ನು ಕೇಳಿದೆ. ಅವಳು ಅನ್ನುವುದೇ ಬೇರೆ: "ಆ ಮೆಸೇಜ್ ಬಂದಿದ್ದರೂ ನನಗೆ ಸಿಟ್ಟೇ ಬರ್ತಿತ್ತು, ಒಂದು ವರ್ಷ ಯಾರ ಸೀಮಂತದ ಸುದ್ದಿಯೂ ನನಗೆ ಬೇಡವಾಗಿತ್ತು." ಹಾಗಾಗಿ ಎಲ್ಲರಿಗೂ ಒಂದೇ ಉತ್ತರ ಇಲ್ಲ ಅಂತ ಕಾಣುತ್ತದೆ.

ಸಂಬಳದ_ದಿನ
ಗಂಡನನ್ನು ಮೊದಲು ಕೇಳಬಹುದಲ್ಲ, ಈ ಸುದ್ದಿ ಈಗ ಹೇಳಬಹುದಾ ಅಂತ?

ತುಂಗಾತೀರ
ಗಂಡನನ್ನು ಕೇಳಿ ಅವಳ ಪರವಾಗಿ ತೀರ್ಮಾನ ಮಾಡಿದರೆ ಮತ್ತೆ ಅದೇ ಆಯ್ತಲ್ಲ. ನನಗೆ ಅದು ಸರಿ ಕಾಣುವುದಿಲ್ಲ.

ನೈಟ್‌ಡ್ಯೂಟಿ
ಶ್ರಾವಣಕ್ಕೆ ಇನ್ನೂ ಸಮಯ ಇದೆ. ಇವತ್ತೇ ತೀರ್ಮಾನ ಮಾಡಬೇಕಿಲ್ಲ. ಅಲ್ಲಿಯವರೆಗೆ ಗ್ರೂಪಿನವರು ಹೊಟ್ಟೆಯ ಫೋಟೋ ಸ್ಟೇಟಸ್ಸಿಗೆ ಹಾಕುವಾಗ ಅವಳಿಗೆ ಕಾಣದ ಹಾಗೆ ಹಾಕಿಕೊಳ್ಳಬಹುದು, ಅದಕ್ಕೆ ಯಾರ ಒಪ್ಪಿಗೆಯೂ ಬೇಡ.

ಕಾಫಿಸೀಮೆ, ಹೆರಿಗೆಗೆ ಕೊಟ್ಟಿದ್ದ ದಿನಾಂಕ ನಿಮಗೆ ಗೊತ್ತಾ? ಹದಿನೈದು ದಿನ ಎಲ್ಲರೂ ಬಂದುಹೋಗುತ್ತಾರೆ, ಆಮೇಲೆ ಮನೆ ಖಾಲಿ. ತಿಂಗಳೊಪ್ಪತ್ತಿನಲ್ಲಿ ಮುಟ್ಟು ಮತ್ತೆ ಶುರುವಾಗುತ್ತದೆ, ಅವತ್ತು ಎಷ್ಟೋ ಜನ ಮತ್ತೆ ಅಳುತ್ತಾರೆ. ಆಮೇಲಿನ ದೊಡ್ಡ ದಿನ ಅಂದರೆ ಮಗು ಹುಟ್ಟಬೇಕಿದ್ದ ದಿನ. ಆ ಹೊತ್ತಿಗೆ ಬೇರೆ ಯಾರಿಗೂ ಅದು ನೆನಪಿರುವುದಿಲ್ಲ.

ಕಾಫಿಸೀಮೆ
ಗೊತ್ತು. ಅವಳೇ ಮೊದಲು ಖುಷಿಯಿಂದ ಹೇಳಿದ್ದಳು, ಅಕ್ಟೋಬರ್ ಕೊನೆಯ ವಾರ. ಫೋನಿನಲ್ಲಿ ಗುರುತು ಹಾಕಿಕೊಂಡೆ. ಆದರೆ ಅವತ್ತು ಏನಂತ ಬರೆಯಲಿ? ಮರೆತಿದ್ದರೆ ನಾನೇ ನೆನಪಿಸಿದ ಹಾಗೆ ಆಗುವುದಿಲ್ವಾ?

ತುಂಗಾತೀರ
ಮರೆತಿರುವುದಿಲ್ಲ ಕಣಮ್ಮ. ದಿನಾಂಕವನ್ನು ಬಾಯಿಬಿಟ್ಟು ಹೇಳುವುದೂ ಬೇಡ. "ಈ ವಾರ ನೀನು ಜಾಸ್ತಿ ನೆನಪಾಗ್ತಿದ್ದೀಯ" ಅಂದರೆ ಅವಳಿಗೆ ತಿಳಿಯುತ್ತದೆ. ಆ ವಾರ ಬೆಂಗಳೂರಿಗೆ ಬರುವುದಾದರೆ ಮೊದಲೇ ತಿಳಿಸಿ, ಈ ಸಲ ಅವಳೇ ಮೇಲೆ ಕರೆಯಬಹುದು. ಕರೆಯದಿದ್ದರೆ ಸಾರು ವಾಚ್‌ಮನ್ ಹತ್ತಿರ ಕೊಟ್ಟು ಬನ್ನಿ.

ಗೋಕಾಕದಾಂವ
ಅಕ್ಕಾರ, ಒಂದು ಕೇಳತೀನಿ. ನಮ್ಮ ತಂಗಿಗೆ ಮೊದಲನೇ ಸಲ ಆದಾಗ ನಾವು ಯಾರೂ ಇದನ್ನೆಲ್ಲಾ ಮಾತಾಡಿಲ್ಲ. ಈಗ ಎರಡನೇ ಮಗು ಸಾಲಿಗೆ ಹೋಗತೈತಿ. ಈಗ ಆ ಮೊದಲನೇದರ ಬಗ್ಗೆ ಮಾತು ತಗದ್ರ ನಡೀತದೇನ್ರಿ?

ತುಂಗಾತೀರ
ನಡೆಯುತ್ತದೆ ಅಣ್ಣಾ. ಅವರೊಬ್ಬರೇ ಇರುವಾಗ "ಮೊದಲನೇ ಪಾಪು ಇವತ್ತು ನೆನಪಾಯ್ತು" ಅಂತ ಒಂದು ಮಾತು ಹೇಳಿ ನೋಡಿ. ಅವರು ಮಾತು ಬದಲಿಸಿದರೆ ನೀವೂ ಬದಲಿಸಿ. ನನ್ನ ಅಣ್ಣ ಹೀಗೆ ಅಂದಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು.